ದೊಡ್ಡ ಗುಂಪನ್ನೇ ಬಿಟ್ಟುಬಿಡುವ ಕೆ-ಮ್ಯಾಪ್: ಒಂದು ಸ್ಲೈಡ್, ಹಂತ ಹಂತವಾಗಿ

ಪ್ರಶ್ನೆ: ನಮ್ಮ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಸ್ಲೈಡ್‌ನಲ್ಲಿ `F = BD + A'C'D + A'BCD' + ABC'D' + AB'CD` ಅನ್ನು ಕೆ-ಮ್ಯಾಪ್‌ನಿಂದ ಸರಳ ಮಾಡಿ ಅಂತ ಇದೆ. ದೊಡ್ಡ ಗುಂಪು ಮೊದಲು ಅಂತ ಹೇಳಿಕೊಟ್ಟಿದ್ದರು, ಅದಕ್ಕೇ ನಡುವಿನ ನಾಲ್ಕು 1ಗಳನ್ನು ಮೊದಲು ಸುತ್ತಿದೆ. ಕೊನೆಗೆ ಐದು ಟರ್ಮ್ ಬಂತು. ಸ್ಲೈಡ್‌ನ ಉತ್ತರದಲ್ಲಿ ನಾಲ್ಕೇ ಇವೆ, ನನ್ನ ದೊಡ್ಡ ಗುಂಪೇ ಅದರಲ್ಲಿ ಇಲ್ಲ. ಎಲ್ಲಿ ತಪ್ಪಿದೆ ಸರ್? ಮೊದಲಿಂದ ತೋರಿಸಿಕೊಡಿ.

ಉತ್ತರ: ನಿಮ್ಮ ಐದು ಟರ್ಮ್‌ಗಳ ಉತ್ತರ ಟ್ರೂತ್ ಟೇಬಲ್‌ಗೆ ಸರಿಯಾಗಿಯೇ ಹೊಂದುತ್ತದೆ. ಆದರೆ ಅದು ಅತಿ ಚಿಕ್ಕ ಉತ್ತರವಲ್ಲ, ಅದರಲ್ಲಿ `BD` ಹೆಚ್ಚುವರಿ. ಗುಂಪು ಸುತ್ತಿದ್ದರಲ್ಲಿ ತಪ್ಪಿಲ್ಲ, ಯಾವುದರಿಂದ ಶುರು ಮಾಡಬೇಕು ಎಂಬಲ್ಲಿ ಎಡವಿದ್ದೀರಿ. ಮ್ಯಾಪ್‌ನಲ್ಲಿ ಮೊದಲು ಹುಡುಕಬೇಕಾದ್ದು ದೊಡ್ಡ ಗುಂಪನ್ನಲ್ಲ, ಹೋಗಲು ಒಂದೇ ದಾರಿ ಇರುವ 1 ಅನ್ನು.

ಮೊದಲು ಮ್ಯಾಪ್ ಬರೆಯೋಣ. ಸಾಲುಗಳಿಗೆ AB, ಕಂಬಸಾಲುಗಳಿಗೆ CD. ಎರಡಕ್ಕೂ ಕ್ರಮ 00, 01, 11, 10. ಪ್ರತಿ ಮನೆಯ ಮಿನ್‌ಟರ್ಮ್ ಸಂಖ್ಯೆ ಹೀಗೆ ಬರುತ್ತದೆ:

```
          CD
AB     00  01  11  10
00      0   1   3   2
01      4   5   7   6
11     12  13  15  14
10      8   9  11  10
```

ಮೂರನೆಯ ಕಂಬಸಾಲು 11, ನಾಲ್ಕನೆಯದು 10. ಹಾಗೆಯೇ ಮೂರನೆಯ ಸಾಲು 12ರಿಂದ ಶುರುವಾಗುತ್ತದೆ, ನಾಲ್ಕನೆಯದು 8ರಿಂದ. ಕೈ ತಪ್ಪುವುದು ಹೆಚ್ಚಾಗಿ ಇಲ್ಲೇ. ಎಣಿಸುವಾಗ 00, 01, 10, 11 ಎಂದೇ ಬಾಯಿಗೆ ಬರುವುದರಿಂದ ಕೈಯೂ ಹಾಗೇ ಬರೆದುಬಿಡುತ್ತದೆ. ಆಗ ಏನಾಗುತ್ತದೆ ನೋಡಿ: 5 ಮತ್ತು 6 ಪಕ್ಕಪಕ್ಕದ ಮನೆಗಳಾಗುತ್ತವೆ. 5 ಎಂದರೆ 0101, 6 ಎಂದರೆ 0110. ಇವೆರಡರ ನಡುವೆ C ಮತ್ತು D ಎರಡೂ ಬದಲಾಗುತ್ತವೆ. ಈ ಜೋಡಿಯನ್ನು ಸುತ್ತಿ, ಬದಲಾಗದೆ ಉಳಿದದ್ದನ್ನು `A'B` ಎಂದು ಓದಿದರೆ 4 ಮತ್ತು 7 ಕೂಡ ಒಳಗೆ ಬಂದುಬಿಡುತ್ತವೆ. 7ರಲ್ಲಿ ಹೇಗೂ 1 ಇದೆ. 4ರಲ್ಲಿ 0 ಇದ್ದದ್ದು 1 ಆಗಿಬಿಟ್ಟಿತು, ಉತ್ತರ ಕೆಟ್ಟಿತು.

ಪಕ್ಕದ ಮನೆ ಎಂದರೆ ಒಂದೇ ಒಂದು ವೇರಿಯಬಲ್ ಬದಲಾಗುವ ಮನೆ. ಇಡೀ ವಿಧಾನ ನಿಂತಿರುವುದು ಇದೊಂದರ ಮೇಲೆ. 1952ರಲ್ಲಿ ಎಡ್ವರ್ಡ್ ವೀಚ್ ಇಂಥದೇ ಪಟ ತಂದಾಗ ಮನೆಗಳು ಸಾಮಾನ್ಯ ಬೈನರಿ ಕ್ರಮದಲ್ಲಿದ್ದವು. ಮರುವರ್ಷ, 1953ರಲ್ಲಿ, ಬೆಲ್ ಲ್ಯಾಬ್ಸ್‌ನ ಮಾರಿಸ್ ಕಾರ್ನೋ ಆ ಕ್ರಮವನ್ನು ಗ್ರೇ ಕೋಡ್‌ಗೆ ಬದಲಿಸಿದರು. ಆಮೇಲೆ ಕಣ್ಣಿಗೆ ಪಕ್ಕದಲ್ಲಿ ಕಂಡದ್ದು ತರ್ಕದಲ್ಲೂ ಪಕ್ಕದ್ದೇ ಆಯಿತು. ನೀವು 10 ಮತ್ತು 11 ಅನ್ನು ಅದಲುಬದಲು ಮಾಡಿ ಬರೆದರೆ ಆ ಅನುಕೂಲವನ್ನೇ ಅಳಿಸಿದಂತೆ.

ಈಗ 1ಗಳನ್ನು ತುಂಬಬೇಕು. ಸ್ಲೈಡ್‌ನ ಎಕ್ಸ್‌ಪ್ರೆಶನ್ ಅನ್ನು ಮೊದಲು ಬೀಜಗಣಿತದಿಂದ ಹಿಗ್ಗಿಸಿ ಮಿನ್‌ಟರ್ಮ್ ಮಾಡುವವರಿದ್ದಾರೆ. ಅದು ಬೇಡ, ಪ್ರತಿ ಟರ್ಮ್ ಅನ್ನು ನೇರವಾಗಿ ಮ್ಯಾಪ್ ಮೇಲೆ ಇಡಬಹುದು. `BD` ಎಂದರೆ B ಕೂಡ 1, D ಕೂಡ 1. B 1 ಆಗಿರುವುದು 01 ಮತ್ತು 11 ಸಾಲುಗಳಲ್ಲಿ, ಅಂದರೆ ನಡುವಿನ ಎರಡು ಸಾಲು. D 1 ಆಗಿರುವುದು 01 ಮತ್ತು 11 ಕಂಬಸಾಲುಗಳಲ್ಲಿ, ಅಂದರೆ ನಡುವಿನ ಎರಡು ಕಂಬಸಾಲು. ಇವು ಕೂಡುವ ಜಾಗ ನಟ್ಟನಡುವಿನ ನಾಲ್ಕು ಮನೆ: 5, 7, 13, 15. ನಿಮ್ಮ ದೊಡ್ಡ ಗುಂಪು ಪ್ರಶ್ನೆಯಲ್ಲೇ ಇತ್ತು, ನೀವು ಹುಡುಕಿ ತಂದದ್ದಲ್ಲ.

`A'C'D`ಯಲ್ಲಿ B ಇಲ್ಲ. ಇಲ್ಲದ ವೇರಿಯಬಲ್ ಎರಡೂ ಬೆಲೆ ತಗೊಳ್ಳುತ್ತದೆ, ಆದ್ದರಿಂದ ಎರಡು ಮನೆ: 0001 ಮತ್ತು 0101, ಅಂದರೆ 1 ಮತ್ತು 5. ಇವುಗಳಲ್ಲಿ 5 ಆಗಲೇ ತುಂಬಿದೆ. ಮತ್ತೆ ಬರೆಯಬೇಕಿಲ್ಲ, 1 ಅನ್ನು ಎಷ್ಟು ಸಲ ಕೂಡಿಸಿದರೂ ತರ್ಕದಲ್ಲಿ 1 ಒಂದೇ. ಉಳಿದ ಮೂರು ಟರ್ಮ್‌ಗಳಲ್ಲಿ ನಾಲ್ಕೂ ವೇರಿಯಬಲ್ ಇರುವುದರಿಂದ ಒಂದೊಂದೇ ಮನೆ. `A'BCD'` 0110, ಅಂದರೆ 6. `ABC'D'` 1100, ಅಂದರೆ 12. `AB'CD` 1011, ಅಂದರೆ 11.

```
          CD
AB     00  01  11  10
00      0   1   0   0
01      0   1   1   1
11      1   1   1   0
10      0   0   1   0
```

ಒಟ್ಟು ಎಂಟು 1. ಮುಂದೆ ಹೋಗುವ ಮುಂಚೆ ಈ ಎಣಿಕೆ ಮಾಡಿಕೊಳ್ಳಿ. ಇಲ್ಲಿ ಏಳೋ ಒಂಬತ್ತೋ ಬಂದಿದ್ದರೆ ಮುಂದಿನ ಕೆಲಸವೆಲ್ಲ ವ್ಯರ್ಥ, ಗುಂಪು ಎಷ್ಟು ಚೆನ್ನಾಗಿ ಸುತ್ತಿದರೂ ಅದು ಬೇರೆ ಯಾವುದೋ ಸರ್ಕ್ಯೂಟ್‌ನ ಉತ್ತರವಾಗಿರುತ್ತದೆ.

ಪಟದ ಆಕಾರವನ್ನು ಒಮ್ಮೆ ನೋಡಿ. ನಡುವೆ ನಾಲ್ಕು 1, ಅದರ ನಾಲ್ಕು ಮೂಲೆಗಳಿಂದ ಒಂದೊಂದು 1 ಒಂದೊಂದು ದಿಕ್ಕಿಗೆ ಚಾಚಿದೆ. ಜಾತ್ರೆಯಲ್ಲಿ ಮಾರುವ ಕಾಗದದ ಗಿರಿಗಿಟ್ಲೆಯ ಹಾಗೆ. ಈ ಆಕಾರ ಕಂಡಾಗಲೆಲ್ಲ ನಡುವಿನ ಗುಂಪಿನ ಮೇಲೆ ಅನುಮಾನ ಬರಬೇಕು.

ಈಗ ಪೆನ್ ಎತ್ತಿಟ್ಟು, ಏನನ್ನೂ ಸುತ್ತದೆ, ಒಂದೊಂದು 1ಕ್ಕೂ ಪಕ್ಕದಲ್ಲಿ ಎಷ್ಟು 1 ಇವೆ ಎಂದು ಎಣಿಸಿ. ನಾಲ್ಕು ವೇರಿಯಬಲ್ ಮ್ಯಾಪ್‌ನಲ್ಲಿ ಪ್ರತಿ ಮನೆಗೂ ಸರಿಯಾಗಿ ನಾಲ್ಕು ನೆರೆಮನೆಗಳಿರುತ್ತವೆ, ಅಂಚಿನ ಮನೆಗೂ ಅಷ್ಟೇ. ಏಕೆಂದರೆ ಮ್ಯಾಪ್‌ನ ಮೇಲಂಚು ಕೆಳಅಂಚಿಗೆ ಅಂಟಿಕೊಂಡಿದೆ, ಎಡ ಅಂಚು ಬಲ ಅಂಚಿಗೆ.

ಮನೆ 1ರಿಂದ ಶುರು ಮಾಡೋಣ. ಎಡಕ್ಕೆ 0, ಬಲಕ್ಕೆ 3, ಕೆಳಗೆ 5. ಮೇಲೆ ಏನೂ ಇಲ್ಲ ಎಂದು ನಿಲ್ಲಬೇಡಿ, ಮೇಲಂಚನ್ನು ದಾಟಿದರೆ ಅದೇ ಕಂಬಸಾಲಿನ ಕೊನೆಯ ಮನೆ 9 ಸಿಗುತ್ತದೆ. ಈ ನಾಲ್ಕರಲ್ಲಿ 1 ಇರುವುದು 5ರಲ್ಲಿ ಮಾತ್ರ. ಮನೆ 6ಕ್ಕೆ ಎಡಕ್ಕೆ 7, ಮೇಲೆ 2, ಕೆಳಗೆ 14, ಬಲ ಅಂಚು ದಾಟಿದರೆ 4. ಅದರಲ್ಲೂ 1 ಇರುವುದು 7ರಲ್ಲಿ ಮಾತ್ರ. ಮನೆ 12ಕ್ಕೆ 13 ಮಾತ್ರ ಜೊತೆ, ಎಡ ಅಂಚು ದಾಟಿದರೆ ಸಿಗುವ 14ರಲ್ಲಿ 0 ಇದೆ. ಮನೆ 11ಕ್ಕೆ 15 ಮಾತ್ರ, ಕೆಳಅಂಚು ದಾಟಿದರೆ ಸಿಗುವ 3ರಲ್ಲಿ 0. ಅಂಚು ದಾಟಿ ನೋಡುವ ಈ ನಾಲ್ಕು ಪರೀಕ್ಷೆಗಳನ್ನು ಬಿಡುವಂತಿಲ್ಲ. ಇಲ್ಲಿ ನಾಲ್ಕೂ ಕಡೆ 0 ಬಂದದ್ದರಿಂದ ಬಚಾವಾದಿರಿ. 9ರಲ್ಲಿ 1 ಇದ್ದಿದ್ದರೆ 1, 5, 13, 9 ಸೇರಿ ಇಡೀ ಕಂಬಸಾಲೇ ಒಂದು ಗುಂಪಾಗುತ್ತಿತ್ತು.

ನಡುವಿನ ನಾಲ್ಕರ ಕಥೆ ಬೇರೆ. ಮನೆ 5ಕ್ಕೆ 1, 7, 13 ಮೂರು ಜೊತೆ. 7ಕ್ಕೆ 5, 6, 15. 13ಕ್ಕೆ 5, 12, 15. 15ಕ್ಕೆ 7, 11, 13. ಇವಕ್ಕೆ ಆಯ್ಕೆ ಇದೆ, ಹೊರಗಿನ ನಾಲ್ಕಕ್ಕೆ ಆಯ್ಕೆ ಇಲ್ಲ.

ಸ್ಲೈಡ್‌ನ ಭಾಷೆಯಲ್ಲಿ ಹೇಳಬೇಕಾದರೆ, ಇನ್ನು ದೊಡ್ಡದು ಮಾಡಲು ಆಗದ ಗುಂಪು ಪ್ರೈಮ್ ಇಂಪ್ಲಿಕೆಂಟ್. ನಮ್ಮ ಮ್ಯಾಪ್‌ನಲ್ಲಿ ಅಂಥವು ಐದಿವೆ: ನಡುವಿನ ನಾಲ್ಕರ ಗುಂಪು, ಮತ್ತು (1,5), (6,7), (12,13), (11,15) ಎಂಬ ನಾಲ್ಕು ಜೋಡಿ. ಯಾವುದಾದರೂ ಒಂದು 1 ಒಂದೇ ಪ್ರೈಮ್ ಇಂಪ್ಲಿಕೆಂಟ್‌ನಲ್ಲಿ ಸಿಗುವಂತಿದ್ದರೆ ಆ ಗುಂಪು ಎಸೆನ್ಷಿಯಲ್, ಅದಿಲ್ಲದೆ ಉತ್ತರವೇ ಇಲ್ಲ. 1, 6, 12, 11 ಈ ನಾಲ್ಕೂ ತಮ್ಮ ತಮ್ಮ ಜೋಡಿಯಲ್ಲಿ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ. ಹಾಗಾಗಿ ನಾಲ್ಕು ಜೋಡಿಯೂ ಎಸೆನ್ಷಿಯಲ್. ಅವನ್ನು ಸುತ್ತಿ. ಆಮೇಲೆ ನಡುವೆ ನೋಡಿ: 5 ಮೊದಲ ಜೋಡಿಯಲ್ಲಿ ಮುಚ್ಚಿಹೋಯಿತು, 7 ಎರಡನೆಯದರಲ್ಲಿ, 13 ಮೂರನೆಯದರಲ್ಲಿ, 15 ನಾಲ್ಕನೆಯದರಲ್ಲಿ. ಒಂದೂ 1 ಉಳಿಯಲಿಲ್ಲ. ನಡುವಿನ ಗುಂಪಿಗೆ ಮಾಡಲು ಕೆಲಸವೇ ಇಲ್ಲ.

ನೀವು ಮಾಡಿದ್ದು ಇದರ ತಿರುಗು. ಮೊದಲು ನಡುವನ್ನು ಸುತ್ತಿದಿರಿ, ಹೊರಗೆ ನಾಲ್ಕು 1 ಉಳಿದವು, ಅವುಗಳನ್ನು ಮುಚ್ಚಲು ನಾಲ್ಕು ಜೋಡಿ ಬೇಕೇ ಬೇಕಾಯಿತು. ಐದು ಸುತ್ತಾದ ಮೇಲೆ ಹಿಂದಿರುಗಿ ನೋಡಿದ್ದರೂ ಸಾಕಿತ್ತು. ಪ್ರತಿ ಸುತ್ತಿನ ಮೇಲೂ ಬೆರಳಿಟ್ಟು, ಇದನ್ನು ಅಳಿಸಿದರೆ ಯಾವುದಾದರೂ 1 ಬೀದಿಗೆ ಬೀಳುತ್ತದೆಯೇ ಎಂದು ಕೇಳಿಕೊಳ್ಳಬೇಕು. ಬೀಳದಿದ್ದರೆ ಅಳಿಸಬೇಕು. "ದೊಡ್ಡ ಗುಂಪು ಮೊದಲು" ಎಂಬ ಮಾತಿನಲ್ಲಿ ನಿಜವಿರುವುದು ಇಷ್ಟೇ: ಒಂದು 1 ಅನ್ನು ಮುಚ್ಚಲು ಹೊರಟಾಗ ಅದಕ್ಕೆ ಸಿಗುವ ಗುಂಪನ್ನು ಎಷ್ಟು ಹಿಗ್ಗಿಸಬಹುದೋ ಅಷ್ಟು ಹಿಗ್ಗಿಸಿ. ಯಾವ 1ರಿಂದ ಹೊರಡಬೇಕು ಎಂಬುದನ್ನು ಆ ಮಾತು ಹೇಳುವುದಿಲ್ಲ.

ಇನ್ನು ಗುಂಪುಗಳನ್ನು ಓದುವುದು. (1,5) ಜೋಡಿಯಲ್ಲಿ 0001 ಮತ್ತು 0101 ಅನ್ನು ಒಂದರ ಕೆಳಗೊಂದು ಬರೆಯಿರಿ. ಬದಲಾದದ್ದು B, ಅದು ಹೋಯಿತು. A 0 ಆಗಿ ನಿಂತಿದೆ, C 0 ಆಗಿ ನಿಂತಿದೆ, D 1 ಆಗಿ ನಿಂತಿದೆ. 0 ಆಗಿ ನಿಂತದ್ದಕ್ಕೆ ಬಾರ್, 1 ಆಗಿ ನಿಂತದ್ದಕ್ಕೆ ಬಾರ್ ಇಲ್ಲ: `A'C'D`. ಹೀಗೆಯೇ 0110, 0111ರಿಂದ `A'BC`. 1100, 1101ರಿಂದ `ABC'`. 1011, 1111ರಿಂದ `ACD`.

```
F = A'C'D + A'BC + ABC' + ACD
```

ಓದಿದ್ದು ಸರಿಯೇ ಎಂದು ನೋಡಲು ಒಂದು ಸುಲಭದ ಅಳತೆ ಇದೆ. ನಾಲ್ಕು ವೇರಿಯಬಲ್ ಮ್ಯಾಪ್‌ನಲ್ಲಿ ಎರಡು ಮನೆಯ ಗುಂಪಿಗೆ ಮೂರಕ್ಷರದ ಟರ್ಮ್, ನಾಲ್ಕು ಮನೆಗೆ ಎರಡಕ್ಷರ, ಎಂಟು ಮನೆಗೆ ಒಂದಕ್ಷರ. ಜೋಡಿಗೆ ಎರಡಕ್ಷರ ಬಂದರೆ ಬದಲಾಗದ ಒಂದನ್ನೂ ಬಿಟ್ಟಿದ್ದೀರಿ ಎಂದರ್ಥ.

ಸ್ಲೈಡ್‌ನ ಮೂಲ ಎಕ್ಸ್‌ಪ್ರೆಶನ್‌ನಲ್ಲಿ 17 ಅಕ್ಷರ ಇದ್ದವು. ನಿಮ್ಮ ಉತ್ತರದಲ್ಲಿ 14, ಇದರಲ್ಲಿ 12. ನಾಲ್ಕೂ ಎಸೆನ್ಷಿಯಲ್ ಆದ್ದರಿಂದ, ಸಮ್ ಆಫ್ ಪ್ರಾಡಕ್ಟ್ಸ್ ರೂಪದಲ್ಲಿ ಇದಕ್ಕಿಂತ ಚಿಕ್ಕ ಉತ್ತರ ಇಲ್ಲ, ಇಷ್ಟೇ ಚಿಕ್ಕದಾದ ಇನ್ನೊಂದು ಉತ್ತರವೂ ಇಲ್ಲ.

ಚಿತ್ರ ನೋಡಿ ಒಪ್ಪಿಕೊಂಡದ್ದನ್ನು ಬೀಜಗಣಿತದಲ್ಲೂ ನೋಡಬೇಕೆನಿಸಿದರೆ ಕನ್ಸೆನ್ಸಸ್ ನಿಯಮ ಇದೆ: `XY + X'Z` ಇದ್ದಲ್ಲಿ `YZ` ತಾನಾಗಿಯೇ ಒಳಗಿರುತ್ತದೆ. ಮೊದಲ ಎರಡು ಟರ್ಮ್‌ಗಳಲ್ಲಿ C ಒಂದರಲ್ಲಿ ಬಾರ್ ಸಮೇತ ಇದೆ, ಇನ್ನೊಂದರಲ್ಲಿ ಬಾರ್ ಇಲ್ಲದೆ ಇದೆ. ಕೊನೆಯ ಎರಡರಲ್ಲೂ ಹಾಗೇ.

```
A'C'D + A'BC   ->  A'BD
ABC'  + ACD    ->  ABD
A'BD  + ABD    =   BD(A' + A) = BD
```

ನಾಲ್ಕು ಟರ್ಮ್ ಬರೆದ ಕ್ಷಣವೇ `BD` ಬರೆದಂತಾಗಿದೆ. ಕೈಯಲ್ಲಿ ಮತ್ತೆ ಬರೆದರೆ ಟ್ರೂತ್ ಟೇಬಲ್ ಬದಲಾಗುವುದಿಲ್ಲ, ಗೇಟ್ ಮಾತ್ರ ಒಂದು ಹೆಚ್ಚುತ್ತದೆ.

ಉತ್ತರ ಪರೀಕ್ಷಿಸಲು ಹದಿನಾರು ಸಾಲಿನ ಟೇಬಲ್ ಕೈಯಲ್ಲೇ ಮಾಡಬಹುದು. ಲ್ಯಾಪ್‌ಟಾಪ್ ಇದ್ದರೆ ಪೈಥಾನ್‌ನಲ್ಲಿ ಇಷ್ಟು ಸಾಕು:

```python
for m in range(16):
    A, B, C, D = m>>3 & 1, m>>2 & 1, m>>1 & 1, m & 1
    F = ((not A and not C and D) or (not A and B and C)
         or (A and B and not C) or (A and C and D))
    if F: print(m, end=" ")
```

`1 5 6 7 11 12 13 15` ಎಂದು ಬರಬೇಕು. ಬೇರೆ ಸಂಖ್ಯೆ ಹೆಚ್ಚಾಗಿ ಬಂದರೆ ಯಾವುದೋ ಟರ್ಮ್‌ನಲ್ಲಿ ಅಕ್ಷರ ಬಿಟ್ಟುಹೋಗಿದೆ. ಒಂದು ಸಂಖ್ಯೆ ಕಡಿಮೆಯಾಗಿದ್ದರೆ ಆ ಮನೆಯನ್ನು ಯಾರೂ ಮುಚ್ಚಿಲ್ಲ. ಒಂದು ಹೆಚ್ಚಾಗಿ ಇನ್ನೊಂದು ಕಡಿಮೆಯಾಗಿದ್ದರೆ ಬಾರ್ ತಪ್ಪಿದೆಯೇ ಎಂದು ಮೊದಲು ನೋಡಿ.

ಈಗ ಇದೇ ಮ್ಯಾಪ್‌ನಲ್ಲಿ ಒಂದು ಮನೆ ಬದಲಿಸಿ, ವಿಧಾನ ಕೈಗೆ ಹತ್ತುತ್ತದೆ. 12ರಲ್ಲಿದ್ದ 1 ಅನ್ನು 0 ಮಾಡಿ. ಆಗ 13ರ ಜೊತೆಗಾರರು 5 ಮತ್ತು 15 ಮಾತ್ರ, ಎರಡೂ ನಡುವಿನವೇ. ಹಾಗಾಗಿ 13 ಸಿಗುವುದು ನಡುವಿನ ಗುಂಪಿನಲ್ಲಿ ಮಾತ್ರ. ಇಷ್ಟು ಹೊತ್ತು ಕೆಲಸವಿಲ್ಲದೆ ಕೂತಿದ್ದ `BD` ಈಗ ಎಸೆನ್ಷಿಯಲ್ ಆಯಿತು, ಉತ್ತರ `BD + A'C'D + A'BC + ACD`. ಒಂದೇ ಮನೆ ಬದಲಾಯಿತು, ದೊಡ್ಡ ಗುಂಪಿನ ಹಣೆಬರಹವೇ ಬದಲಾಯಿತು. ಗುಂಪಿನ ಗಾತ್ರ ಎರಡೂ ಸಲ ನಾಲ್ಕೇ ಇತ್ತು ಎಂಬುದನ್ನು ಗಮನಿಸಿ.

ಇನ್ನೊಂದು ಮಾರ್ಪಾಡು. 12ರ 1 ಅನ್ನು ವಾಪಸ್ ಇಟ್ಟು, 14ರಲ್ಲಿ ಡೋಂಟ್ ಕೇರ್ X ಹಾಕಿ. ಡೋಂಟ್ ಕೇರ್ ಗುಂಪನ್ನು ಹಿಗ್ಗಿಸಲು ಮಾತ್ರ, ಅದನ್ನು ಮುಚ್ಚಲೇಬೇಕೆಂಬ ಹಂಗಿಲ್ಲ. 12, 13 ಜೋಡಿ 15, 14 ಸೇರಿಸಿಕೊಂಡು ಇಡೀ ಸಾಲು `AB` ಆಗುತ್ತದೆ. 6, 7 ಜೋಡಿ ಕೆಳಗಿನ 14, 15 ಸೇರಿಸಿಕೊಂಡು `BC` ಆಗುತ್ತದೆ. 1 ಮತ್ತು 11 ಮಾತ್ರ ಹಳೆಯ ಜೋಡಿಗಳಲ್ಲೇ. ಉತ್ತರ `AB + BC + A'C'D + ACD`, ಮತ್ತು `BD` ಇಲ್ಲೂ ಬೇಡ.

ಸ್ಲೈಡ್‌ನಲ್ಲಿ ಇಲ್ಲದ ಒಂದು ಸಂಗತಿ ಹೇಳುತ್ತೇನೆ, ಏಕೆಂದರೆ ಪರೀಕ್ಷೆಯಲ್ಲಿ ಇದೇ ಮ್ಯಾಪ್ ಕೊಟ್ಟು ಪ್ರಾಡಕ್ಟ್ ಆಫ್ ಸಮ್ಸ್ ಕೇಳಿದರೆ ಇನ್ನೊಂದು ಬಲೆ ಕಾದಿದೆ. 0ಗಳನ್ನು ನೋಡಿ: 0, 2, 3, 4, 8, 9, 10, 14. ನಾಲ್ಕು ಮೂಲೆಗಳಾದ 0, 2, 8, 10 ಅಂಚು ದಾಟಿ ಸೇರಿ ಒಂದು ಗುಂಪಾಗುತ್ತವೆ. ಮೂಲೆಗಳ ಗುಂಪು ಮರೆಯಬೇಡಿ ಎಂದು ಹೇಳಿಸಿಕೊಂಡವರು ಕೂಡಲೇ ಅದನ್ನು ಸುತ್ತುತ್ತಾರೆ. ಆದರೆ 3ಕ್ಕೆ 2 ಮಾತ್ರ ಜೊತೆ, 4ಕ್ಕೆ 0, 9ಕ್ಕೆ 8, 14ಕ್ಕೆ 10. ಮತ್ತೆ ಅದೇ ಗಿರಿಗಿಟ್ಲೆ, ಈ ಸಲ ಅಂಚು ಸುತ್ತಿ ಬಂದಿದೆ, ಅಷ್ಟೇ. ಮೂಲೆಗಳ ಗುಂಪು ಬೇಡ, ನಾಲ್ಕು ಜೋಡಿ ಸಾಕು:

```
F = (A + B + C')(A + C + D)(A' + B + C)(A' + C' + D)
```

ಇಲ್ಲೂ 12 ಅಕ್ಷರ. 0ಗಳ ಕಡೆಯಿಂದ ಹೋದರೆ ಉಳಿತಾಯವಾಗುವ ಮ್ಯಾಪ್‌ಗಳಿವೆ, ಇದು ಅಂಥದ್ದಲ್ಲ.

ಲ್ಯಾಬ್‌ನಲ್ಲಿ ಕಟ್ಟುವ ವಿಷಯಕ್ಕೆ ಬರೋಣ, ಐದನೆಯ ಟರ್ಮ್‌ನ ಬೆಲೆ ಅಲ್ಲಿ ಕಣ್ಣಿಗೆ ಕಾಣುತ್ತದೆ. ನಾಲ್ಕು ಟರ್ಮ್‌ಗಳ ಉತ್ತರವನ್ನು ನ್ಯಾಂಡ್-ನ್ಯಾಂಡ್ ಆಗಿ ಕಟ್ಟಿದರೆ ಪ್ರತಿ ಟರ್ಮ್‌ಗೆ ಒಂದು ಮೂರು ಇನ್‌ಪುಟ್ ನ್ಯಾಂಡ್, ಕೊನೆಗೆ ನಾಲ್ಕು ಇನ್‌ಪುಟ್ ನ್ಯಾಂಡ್ ಒಂದು. 7410 ಐಸಿಯಲ್ಲಿ ಮೂರು ಇನ್‌ಪುಟ್‌ನ ಗೇಟ್ ಮೂರಿವೆ. ಎರಡು ಐಸಿ ತಗೊಂಡರೆ ಆರು ಗೇಟ್: ನಾಲ್ಕು ಟರ್ಮ್‌ಗಳಿಗೆ ನಾಲ್ಕು, ಉಳಿದ ಎರಡರ ಇನ್‌ಪುಟ್‌ಗಳನ್ನು ಒಟ್ಟಿಗೆ ಕಟ್ಟಿದರೆ `A'` ಮತ್ತು `C'`. ಬಾರ್ ಬೇಕಿರುವುದು A ಮತ್ತು Cಗೆ ಮಾತ್ರ ಎಂಬುದು ಇಲ್ಲಿ ಅನುಕೂಲಕ್ಕೆ ಬಂತು. ಕೊನೆಯ ಗೇಟ್‌ಗೆ 7420ರ ಅರ್ಧ. ಒಟ್ಟು ಮೂರು ಐಸಿ. 7410 ಕೂಡಿಸುವಾಗ ಮೊದಲ ಗೇಟ್‌ನ ಇನ್‌ಪುಟ್‌ಗಳು 1, 2 ಮತ್ತು 13ನೇ ಪಿನ್, ಔಟ್‌ಪುಟ್ 12. 1, 2, 3 ಎಂದು ಸಾಲಾಗಿ ವೈರ್ ಹಾಕಿಬಿಟ್ಟರೆ 3ನೇ ಪಿನ್ ಎರಡನೆಯ ಗೇಟ್‌ನದ್ದು. ಆಗ 13 ತೇಲುತ್ತಿರುತ್ತದೆ, ಟಿಟಿಎಲ್ ಆದರೆ ಅದು ಹೆಚ್ಚಾಗಿ 1ರಂತೆ ವರ್ತಿಸಿ ಕೆಲವು ಸಾಲುಗಳಿಗೆ ಸರಿ ಉತ್ತರವನ್ನೂ ಕೊಟ್ಟು ಇಡೀ ಮಧ್ಯಾಹ್ನ ತಿನ್ನುತ್ತದೆ. ಎಲ್‌ಇಡಿ ಬೇಡದ ಮನೆಯಲ್ಲಿ ಹೊತ್ತಿಕೊಳ್ಳುತ್ತಿದ್ದರೆ, ಅದೂ ಒಂದೇ ವೇರಿಯಬಲ್ ಮಾತ್ರ ಬೇರೆಯಿರುವ ಪಕ್ಕದ ಮನೆಯಲ್ಲಿ ಹೊತ್ತಿಕೊಳ್ಳುತ್ತಿದ್ದರೆ, ಮೊದಲು ಈ ಪಿನ್ ನೋಡಿ.

ನಿಮ್ಮ ಐದು ಟರ್ಮ್‌ಗಳದ್ದಾದರೆ ಕೊನೆಯ ಗೇಟ್‌ಗೆ ಐದು ಇನ್‌ಪುಟ್ ಬೇಕು, 7420 ಸಾಲದು. ಎಂಟು ಇನ್‌ಪುಟ್‌ನ 7430 ಹಾಕಿ ಉಳಿದ ಮೂರನ್ನು 1ಕ್ಕೆ ಕಟ್ಟಬೇಕು. 7410ಗಳ ಆರು ಗೇಟ್‌ಗಳಲ್ಲಿ ಐದು ಟರ್ಮ್‌ಗಳಿಗೇ ಹೋಗುವುದರಿಂದ ಬಾರ್‌ಗಳಿಗೆ ಒಂದೇ ಉಳಿಯುತ್ತದೆ, ಹಾಗಾಗಿ 7404 ಕೂಡ ಬೇಕು. ನಾಲ್ಕು ಐಸಿ ಆಯಿತು.

ಹಾಗಾದರೆ `BD` ಪೂರಾ ದಂಡವೇ? ಇಲ್ಲ. ಪರೀಕ್ಷೆಯ ಉತ್ತರಕ್ಕೆ ಬೇಡವಾದದ್ದು ನಿಜವಾದ ಸರ್ಕ್ಯೂಟ್‌ನಲ್ಲಿ ಒಮ್ಮೊಮ್ಮೆ ಬೇಕಾಗುತ್ತದೆ, ಮತ್ತು ಯಾವಾಗ ಎಂಬುದನ್ನೂ ಈ ಮ್ಯಾಪ್ ತೋರಿಸುತ್ತದೆ. A 0, B 1, D 1 ಇರಲಿ, C ಮಾತ್ರ 1ರಿಂದ 0ಗೆ ಇಳಿಯಲಿ. ಮ್ಯಾಪ್‌ನಲ್ಲಿ ಇದು 7ರಿಂದ 5ಕ್ಕೆ ಹೋದಂತೆ. ಎರಡರಲ್ಲೂ 1 ಇದೆ, ಆದ್ದರಿಂದ F ಅಲುಗಾಡಬಾರದು. ಆದರೆ 7 ಇರುವುದು `A'BC` ಗುಂಪಿನಲ್ಲಿ, 5 ಇರುವುದು `A'C'D` ಗುಂಪಿನಲ್ಲಿ. C ಇಳಿದೊಡನೆ ಮೊದಲನೆಯದು ಆರಿಹೋಗುತ್ತದೆ. ಎರಡನೆಯದು ಹೊತ್ತಿಕೊಳ್ಳಬೇಕಾದರೆ ಇನ್ವರ್ಟರ್ ದಾಟಿ `C'` ಬರಬೇಕು, ಅದಕ್ಕೆ ಇನ್ನೊಂದು ಗೇಟ್‌ನ ಹೊತ್ತು, 74 ಸರಣಿಯಲ್ಲಿ ಸುಮಾರು 10 ನ್ಯಾನೊಸೆಕೆಂಡ್, ಹಿಡಿಯುತ್ತದೆ. ಅಷ್ಟು ಹೊತ್ತು ಎರಡೂ 0, ಔಟ್‌ಪುಟ್ ಕೆಳಗೆ ಕುಸಿದು ಮತ್ತೆ ಏಳುತ್ತದೆ. ಇದಕ್ಕೆ ಸ್ಟ್ಯಾಟಿಕ್ ಹಜಾರ್ಡ್ ಎನ್ನುತ್ತಾರೆ. C 0ಯಿಂದ 1ಕ್ಕೆ ಏರುವಾಗ ಇದು ಸಾಮಾನ್ಯವಾಗಿ ಕಾಣುವುದಿಲ್ಲ, ಏಕೆಂದರೆ ಆಗ ಹೊಸ ಟರ್ಮ್ ಮೊದಲು ಹೊತ್ತಿಕೊಂಡು ಹಳೆಯದು ಆಮೇಲೆ ಆರುತ್ತದೆ.

ಎಲ್‌ಇಡಿಯಲ್ಲಿ ಈ ಕುಸಿತ ಎಂದೂ ಕಾಣುವುದಿಲ್ಲ. Cಗೆ ಸ್ವಿಚ್ ಬದಲು ಚೌಕ ಅಲೆ ಕೊಟ್ಟು, ಆಸಿಲೋಸ್ಕೋಪ್ ಅನ್ನು C ಇಳಿಯುವ ಅಂಚಿಗೆ ಟ್ರಿಗರ್ ಮಾಡಿ F ನೋಡಿದರೆ ಸಣ್ಣ ಗೀರಿನಂತೆ ಸಿಗುತ್ತದೆ. ಕಡಿಮೆ ಬ್ಯಾಂಡ್‌ವಿಡ್ತ್‌ನ ಸ್ಕೋಪ್ ಅದನ್ನು ಸವೆಸಿ ಮರೆಮಾಡುತ್ತದೆ, 100 ಮೆಗಾಹರ್ಟ್ಸ್‌ನದ್ದಾದರೆ ಒಳ್ಳೆಯದು.

ಮ್ಯಾಪ್‌ನಲ್ಲಿ ಇಂಥ ಜಾಗ ಹುಡುಕುವ ಬಗೆ ಸರಳ. ಪಕ್ಕಪಕ್ಕದ ಎರಡು 1ಗಳು ಯಾವ ಸುತ್ತಿನಲ್ಲೂ ಒಟ್ಟಿಗೆ ಇಲ್ಲದಿದ್ದರೆ ಆ ಗಡಿಯಲ್ಲಿ ಅಪಾಯ. ನಮ್ಮಲ್ಲಿ ಅಂಥ ಗಡಿ ನಾಲ್ಕಿವೆ: 5-7, 7-15, 15-13, 13-5. ನಾಲ್ಕೂ ನಡುವಿನ ಗುಂಪಿನ ಒಳಗೇ ಬರುತ್ತವೆ. ನೀವು ಸುತ್ತಿದ ಆ `BD` ಒಂದನ್ನು ವಾಪಸ್ ಹಾಕಿದರೆ ನಾಲ್ಕೂ ಮುಚ್ಚಿಹೋಗುತ್ತವೆ. F ಮುಂದೆ ಕ್ಲಾಕ್ ಇರುವ ಫ್ಲಿಪ್-ಫ್ಲಾಪ್‌ನ D ಇನ್‌ಪುಟ್‌ಗೆ ಹೋಗುತ್ತಿದ್ದು, ಕ್ಲಾಕ್ ಅಂಚು ಬರುವ ಹೊತ್ತಿಗೆ ಎಲ್ಲ ತಣ್ಣಗಾಗಿರುತ್ತದೆ ಎಂದಾದರೆ `BD` ಬೇಡ. F ಯಾವುದಾದರೂ ಫ್ಲಿಪ್-ಫ್ಲಾಪ್‌ನ ಕ್ಲಾಕ್‌ಗೋ, ರೀಸೆಟ್‌ಗೋ, ಲ್ಯಾಚ್‌ನ ಎನೇಬಲ್‌ಗೋ ಹೋಗುತ್ತಿದ್ದರೆ ಆ 10 ನ್ಯಾನೊಸೆಕೆಂಡ್ ಸಾಕು ಲೆಕ್ಕ ಕೆಡಿಸಲು, ಆಗ ನಾಲ್ಕನೆಯ ಐಸಿಗೆ ಹಿಂಜರಿಯಬೇಡಿ. ಒಂದು ಎಚ್ಚರ: ಈ ರಕ್ಷಣೆ ಒಂದು ಸಲಕ್ಕೆ ಒಂದೇ ಇನ್‌ಪುಟ್ ಬದಲಾದಾಗ ಮಾತ್ರ. ಎರಡು ಇನ್‌ಪುಟ್ ಒಟ್ಟಿಗೆ ಬದಲಾದರೆ `BD` ಕಾಯುತ್ತದೆ ಎಂಬ ಭರವಸೆ ಇಲ್ಲ.

ಕೊನೆಯದಾಗಿ, ಕೆ-ಮ್ಯಾಪ್ ಕೊಡುವುದು ಎರಡು ಹಂತದ ಅತಿ ಚಿಕ್ಕ ರೂಪವನ್ನು ಮಾತ್ರ. ಅದಕ್ಕೆ ಎಕ್ಸಾರ್ ಗೇಟ್ ಗೊತ್ತಿಲ್ಲ. ನಮ್ಮ ನಾಲ್ಕು ಟರ್ಮ್‌ಗಳಲ್ಲಿ D ಇರುವ ಎರಡನ್ನು ಒಂದು ಕಡೆ, B ಇರುವ ಎರಡನ್ನು ಒಂದು ಕಡೆ ಮಾಡಿ ನೋಡಿ:

```
F = D(A'C' + AC) + B(A'C + AC')
S = A xor C
F = S'D + SB
```

ಇಷ್ಟು ಹೊತ್ತು ಗಿರಿಗಿಟ್ಲೆಯಾಗಿ ಕಂಡದ್ದು ಒಂದು ಮಲ್ಟಿಪ್ಲೆಕ್ಸರ್. A ಮತ್ತು C ಒಂದೇ ಆಗಿದ್ದರೆ ಔಟ್‌ಪುಟ್‌ಗೆ D ಹೋಗುತ್ತದೆ, ಬೇರೆ ಬೇರೆಯಾಗಿದ್ದರೆ B ಹೋಗುತ್ತದೆ. `BD` ಏಕೆ ಹುಟ್ಟಿತು ಎಂಬುದೂ ಇಲ್ಲಿ ತಿಳಿಯಾಗುತ್ತದೆ: B ಮತ್ತು D ಎರಡೂ 1 ಇದ್ದಾಗ ಯಾವುದನ್ನು ಆರಿಸಿದರೂ ಉತ್ತರ 1. ಇದಕ್ಕೆ 7486ರ ಒಂದು ಗೇಟ್ `S` ಕೊಡುತ್ತದೆ, 7400ರ ಒಂದು ನ್ಯಾಂಡ್ `S'` ಕೊಡುತ್ತದೆ, ಉಳಿದ ಮೂರು ನ್ಯಾಂಡ್‌ಗಳಲ್ಲಿ ಇಡೀ F ಮುಗಿಯುತ್ತದೆ. ಎರಡೇ ಐಸಿ. ಕುಸಿತದ ಭಯವಿರುವ ಕಡೆ `BD`ಯನ್ನೂ ಸೇರಿಸಬೇಕು. ಆಗ `S'` ಅನ್ನು 7486ರ ಇನ್ನೊಂದು ಗೇಟ್‌ಗೆ `S` ಮತ್ತು 1 ಕೊಟ್ಟು ಮಾಡಿಕೊಳ್ಳಿ, ಕೊನೆಯ ಗೇಟ್‌ಗೆ 7410ರ ಒಂದು ಮೂರು ಇನ್‌ಪುಟ್ ನ್ಯಾಂಡ್ ಹಾಕಿ. ಮೂರು ಐಸಿ, ನಿಮ್ಮ ಐದು ಟರ್ಮ್‌ಗಳ ಸರ್ಕ್ಯೂಟ್‌ಗಿಂತ ಒಂದು ಕಡಿಮೆ.